ಕಾಫಿ ದುಡ್ಡು ಬಂದಾಗ ಕಾರು: ಸಾಲವೋ, ನಗದೋ, ಲೀಸೋ?

ರೊಬಸ್ಟಾ ಕೊಯ್ಲು ಮುಗಿದು, ಚೆರಿ ಇನ್ನೂ ಕಣದಲ್ಲಿ ಒಣಗುತ್ತಿರುವಾಗಲೇ ನಮ್ಮ ಕಡೆಯ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ಕೊಡಗಿನಲ್ಲಿ ರೈಲಿಲ್ಲ. ಒಳ್ಳೆಯ ಆಸ್ಪತ್ರೆ ಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಕೊನೆಯ ಬಸ್ ತಪ್ಪಿದರೆ ತೋಟದ ಮನೆಗೆ ನಡೆದೇ ಹೋಗಬೇಕು. ಆದ್ದರಿಂದ ಕಾರು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬಹಳ ಹೊತ್ತು ನಡೆಯುವುದಿಲ್ಲ. ಹಣ ಹೇಗೆ ಕೊಡುವುದು ಎಂಬಲ್ಲಿ ಮಾತ್ರ ಮನೆ ಎರಡಾಗುತ್ತದೆ.

ನಾಪೋಕ್ಲು ಬಳಿ ಇರುವ ನನ್ನ ಅಕ್ಕನ ಮನೆಯಲ್ಲಿ ಅದು ಮೂರಾಯಿತು. ಹದಿಮೂರು ವರ್ಷದ ಹಳೆಯ ಕಾರು ಘಾಟಿಯಲ್ಲಿ ಎರಡು ಸಲ ಕೈಕೊಟ್ಟ ಮೇಲೆ ಹೊಸದು ತೆಗೆದುಕೊಳ್ಳಲೇಬೇಕಿತ್ತು. ಬ್ಯಾಂಕಿನಲ್ಲಿ ದುಡ್ಡಿದೆ, ಕೊಟ್ಟು ಮುಗಿಸೋಣ ಎಂದು ಭಾವ ಹೇಳಿದರು. ಅಷ್ಟೂ ದುಡ್ಡನ್ನು ಒಂದೇ ಸಲ ಕೊಟ್ಟರೆ ಮಳೆಗಾಲಕ್ಕೆ ಏನು ಮಾಡುವುದು, ಸಾಲ ತೆಗೆದುಕೊಳ್ಳೋಣ ಎಂದು ಅಕ್ಕ ಹೇಳಿದಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಭಾವನ ತಮ್ಮ, ಈಗ ಎಲ್ಲರೂ ಲೀಸ್‌ನಲ್ಲಿ ಕಾರು ಓಡಿಸುತ್ತಾರೆ, ತಿಂಗಳಿಗಿಷ್ಟು ಎಂದು ಕಟ್ಟಿದರೆ ಸಾಕು ಎಂದ. ಲೆಕ್ಕ ನೋಡಿಕೊಡು ಎಂದು ನನ್ನನ್ನು ಕರೆದರು. ಆ ಸಂಜೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಇದೇ ಪ್ರಶ್ನೆಯನ್ನು ಬೇರೆ ಮನೆಗಳವರೂ ಕೇಳಿದ್ದಾರೆ.

ಮೊದಲು ನೋಡಬೇಕಾದದ್ದು

ಬಡ್ಡಿದರದಿಂದ ಲೆಕ್ಕ ಶುರು ಮಾಡಬೇಡಿ. ಮನೆಗೆ ದುಡ್ಡು ಯಾವಾಗ ಬರುತ್ತದೆ ಎಂಬುದರಿಂದ ಶುರು ಮಾಡಿ. ಸಂಬಳದ ಮನೆಗೆ ವರ್ಷಕ್ಕೆ ಹನ್ನೆರಡು ಸಲ ದುಡ್ಡು ಬರುತ್ತದೆ. ತೋಟದ ಮನೆಗೆ ಕಾಫಿ ಮಾರಿದಾಗ ಒಮ್ಮೆ, ಕರಿಮೆಣಸು ಮಾರಿದಾಗ ಇನ್ನೊಮ್ಮೆ ಬರುತ್ತದೆ. ಖರ್ಚು ಮಾತ್ರ ವರ್ಷವಿಡೀ ಇರುತ್ತದೆ: ಹೂಮಳೆ ಕೈಕೊಟ್ಟರೆ ತುಂತುರು ನೀರಾವರಿಗೆ ಡೀಸೆಲ್, ಮಳೆಗೆ ಮುಂಚೆ ಮರಗಸಿ, ಗೊಬ್ಬರ, ಮೆಣಸಿನ ಬಳ್ಳಿಗೆ ಬೋರ್ಡೋ ಸಿಂಪಡಣೆ, ಕಳೆ, ಕೊನೆಗೆ ಕೊಯ್ಲಿನ ಕೂಲಿ. ಮಾರ್ಚ್‌ನಲ್ಲಿ ಪಾಸ್‌ಬುಕ್‌ನಲ್ಲಿ ಕಾಣುವ ಮೊತ್ತದ ಬಹುಪಾಲು ಮುಂದಿನ ಕೊಯ್ಲಿನವರೆಗಿನ ಖರ್ಚಿಗೆ ಆಗಲೇ ಮೀಸಲಾಗಿರುತ್ತದೆ. ಅದನ್ನೆಲ್ಲ ಕಳೆದ ಮೇಲೆ ಉಳಿಯುವುದನ್ನು ನಾನು ಬಿಡುವಿನ ಹಣ ಎನ್ನುತ್ತೇನೆ. ಕಾರಿನ ತೀರ್ಮಾನ ನಿಂತಿರುವುದು ಅದರ ಮೇಲೆ.

ಎರಡನೆಯದು, ಕಾರು ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದು. ಮೂರನೆಯದು, ಆದಾಯಕ್ಕೆ ಯಾರ ಹೆಸರಿನಲ್ಲಿ ಯಾವ ದಾಖಲೆ ಇದೆ ಎಂಬುದು. ಈ ಮೂರಕ್ಕೆ ಉತ್ತರ ಬರೆದುಕೊಂಡರೆ ಅರ್ಧ ತೀರ್ಮಾನ ಆದಂತೆಯೇ.

ಅಕ್ಕನ ಮನೆಯ ಉತ್ತರಗಳು ಹೀಗಿದ್ದವು. ಆರು ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿದ ಮೆಣಸು. ಆ ವರ್ಷ ಸುಮಾರು ನೂರು ಚೀಲ ಚೆರಿ ಆಗಿತ್ತು. ನಲವತ್ತು ಚೀಲ ಮಾರಿದ್ದರು, ಅರವತ್ತು ಗೋದಾಮಿನಲ್ಲಿತ್ತು. ಹಳೆಯ ಉಳಿತಾಯವೂ ಸೇರಿ ಬ್ಯಾಂಕಿನಲ್ಲಿ 12 ಲಕ್ಷ. ಅಕ್ಕ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಸಂಬಳ 28,000. ಮುಂದಿನ ಕೊಯ್ಲಿನವರೆಗೆ ತೋಟಕ್ಕೆ 4 ಲಕ್ಷ, ಮಕ್ಕಳ ಫೀಸು ಮತ್ತು ಮನೆಖರ್ಚಿಗೆ ಇನ್ನೊಂದು 3 ಲಕ್ಷ ಬೇಕು. ಅಲ್ಲಿಗೆ ಬಿಡುವಿನ ಹಣ 5 ಲಕ್ಷ. ಅವರು ನೋಡಿದ್ದ ಕಾರು ರಸ್ತೆಗಿಳಿಯುವಾಗ 11 ಲಕ್ಷ.

ನಗದು

ಭಾವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬ್ಯಾಂಕಿನ ಠೇವಣಿಗೆ ಸಿಗುವ ಬಡ್ಡಿಗಿಂತ ಕಾರಿನ ಸಾಲದ ಬಡ್ಡಿ ಸಾಮಾನ್ಯವಾಗಿ ಹೆಚ್ಚು. ದುಡ್ಡು ನಿಜವಾಗಿಯೂ ಸುಮ್ಮನೆ ಬಿದ್ದಿದ್ದರೆ ಕೊಟ್ಟು ಕೊಳ್ಳುವುದೇ ಅಗ್ಗ. ನಿವೃತ್ತಿಯ ಹಣ ಬಂದವರು, ಮಕ್ಕಳ ಓದು ಮುಗಿದವರು, ಬಿಡುವಿನ ಹಣವೇ ಕಾರಿನ ಬೆಲೆಯನ್ನು ಮೀರಿಸುವಷ್ಟು ಇರುವವರು ಬೇರೆ ಯೋಚನೆ ಮಾಡಬೇಕಾಗಿಲ್ಲ. ಹಳೆಯ ಕಾರು ಕೊಳ್ಳುವವರಿಗೂ ನಗದೇ ವಾಸಿ, ಏಕೆಂದರೆ ಬಳಸಿದ ಕಾರಿನ ಸಾಲಕ್ಕೆ ಹೊಸ ಕಾರಿನದಕ್ಕಿಂತ ಬಡ್ಡಿ ಹೆಚ್ಚು.

ಆದರೆ ಅಕ್ಕನ ಮನೆಯಲ್ಲಿ 12 ಲಕ್ಷದಲ್ಲಿ 11 ಹೋದರೆ ಉಳಿಯುವುದು ಒಂದೇ ಲಕ್ಷ, ಬೇಕಾಗಿರುವುದು ಏಳು. ಉಳಿದ ಆರು ಲಕ್ಷಕ್ಕೆ ಗೋದಾಮಿನ ಅರವತ್ತು ಚೀಲವನ್ನು ಆ ದಿನದ ಬೆಲೆಗೆ ಮಾರಬೇಕು, ಇಲ್ಲವೇ ಮುಂದಿನ ಫಸಲಿನ ಮೇಲೆ ವ್ಯಾಪಾರಿಯಿಂದ ಮುಂಗಡ ತೆಗೆದುಕೊಳ್ಳಬೇಕು. ಮುಂಗಡ ತೆಗೆದುಕೊಂಡವರು ಕೊಯ್ಲಿನ ಹೊತ್ತಿಗೆ ಅದೇ ವ್ಯಾಪಾರಿಗೇ ಕಾಫಿ ಕೊಡಬೇಕಾಗುತ್ತದೆ, ಬೆಲೆಯ ಮಾತು ಆಡುವ ಶಕ್ತಿ ಇರುವುದಿಲ್ಲ.

ಇದನ್ನು ರೂಪಾಯಿಯಲ್ಲಿ ನೋಡಿ. 8 ಲಕ್ಷ ಸಾಲಕ್ಕೆ ಶೇ. 9.5ರ ದರದಲ್ಲಿ ಮೊದಲ ವರ್ಷ ತೆರುವ ಬಡ್ಡಿ ಸುಮಾರು 70,000. ಅರವತ್ತು ಚೀಲದ ಮೇಲೆ ಚೀಲಕ್ಕೆ 1,200 ರೂಪಾಯಿ ವ್ಯತ್ಯಾಸವಾದರೆ 72,000. ಅಂದರೆ ಅವಸರದಲ್ಲಿ ಮಾರಿ ಚೀಲಕ್ಕೆ ಅಷ್ಟು ಕಳೆದುಕೊಂಡರೆ ಉಳಿಸಿದ ಬಡ್ಡಿಯೆಲ್ಲ ಅಲ್ಲಿಗೇ ಹೋಯಿತು. ಕಾದರೆ ಬೆಲೆ ಏರಿಯೇ ಏರುತ್ತದೆ ಎಂದು ನಾನು ಹೇಳುತ್ತಿಲ್ಲ. 2025ರ ಆರಂಭದಲ್ಲಿ ರೊಬಸ್ಟಾ ದಾಖಲೆಯ ಬೆಲೆ ಮುಟ್ಟಿ, ವರ್ಷದ ಮಧ್ಯದ ಹೊತ್ತಿಗೆ ಚೆನ್ನಾಗಿಯೇ ಇಳಿಯಿತು. ಕಾದು ಕುಳಿತವರು ಆಗ ಕಳೆದುಕೊಂಡರು. ಆದರೆ ಯಾವಾಗ ಮಾರಬೇಕು ಎಂಬುದನ್ನು ನೀವು ತೀರ್ಮಾನಿಸಬೇಕು, ಕಾರಿನ ಖರ್ಚು ತೀರ್ಮಾನಿಸಬಾರದು.

ನಗದು ಎಂದಾಗ ಒಂದು ಎಚ್ಚರಿಕೆ. ಕಾಫಿ ಮಾರಿದ ನೋಟಿನ ಕಟ್ಟನ್ನು ಶೋರೂಮಿಗೆ ಒಯ್ಯಲಾಗದು. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನೋಟಿನ ರೂಪದಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಒಂದೇ ಕಾರಿಗೆ ಮೂರು ನಾಲ್ಕು ಕಂತಿನಲ್ಲಿ ಕೊಟ್ಟರೂ ಅದು ಒಂದೇ ವ್ಯವಹಾರ. ದಂಡ ಬೀಳುವುದು ಪಡೆದವರಿಗೆ, ಹಾಗಾಗಿ ಮಾರಾಟಗಾರರೇ ಒಪ್ಪುವುದಿಲ್ಲ. ಕಾರಿನ ಬೆಲೆ 10 ಲಕ್ಷ ದಾಟಿದರೆ ಮಾರಾಟಗಾರರು ಶೇ. 1ರಷ್ಟು ತೆರಿಗೆಯನ್ನು ನಿಮ್ಮಿಂದ ವಸೂಲು ಮಾಡಿ ನಿಮ್ಮ ಪಾನ್ ಸಂಖ್ಯೆಗೆ ಜಮಾ ಮಾಡುತ್ತಾರೆ. ಬರೀ ಕೃಷಿ ಆದಾಯ ಇರುವ ಮನೆಯವರು ರಿಟರ್ನ್ಸ್ ಸಲ್ಲಿಸುವ ಅಭ್ಯಾಸ ಇಟ್ಟುಕೊಂಡಿರುವುದಿಲ್ಲ. ಆ ವರ್ಷ ಸಲ್ಲಿಸಿದರೆ ಮಾತ್ರ ಆ ಹಣ ವಾಪಸ್ ಬರುತ್ತದೆ. ಸಾಲದಲ್ಲಿ ಕೊಂಡವರಿಗೂ ಇದು ಅನ್ವಯಿಸುತ್ತದೆ.

ಪೂರ್ತಿ ನಗದು ಕೊಟ್ಟರೆ ದೊಡ್ಡ ರಿಯಾಯಿತಿ ಸಿಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿ ನೋಡಿ. ಸಾಲ ಮಾಡಿಸಿಕೊಟ್ಟರೆ ಶೋರೂಮಿಗೆ ಕಮಿಷನ್ ಸಿಗುವುದುಂಟು. ಆದ್ದರಿಂದ ಸಾಲದ ಗಿರಾಕಿಯನ್ನು ಅವರು ಕೀಳಾಗಿ ಕಾಣುವುದಿಲ್ಲ. ಬೆಲೆಯ ಮಾತು ಮುಗಿಯುವವರೆಗೆ ಹೇಗೆ ಕೊಡುತ್ತೀರಿ ಎಂದು ಹೇಳದಿರುವುದೇ ಒಳ್ಳೆಯದು.

ಸಾಲ

ಸಾಲದಲ್ಲಿ ಎಲ್ಲರೂ ಕೇಳುವುದು ತಿಂಗಳ ಕಂತು ಎಷ್ಟು ಎಂದು. 8 ಲಕ್ಷಕ್ಕೆ ಶೇ. 9.5ರ ದರ ಎಂದುಕೊಳ್ಳೋಣ. ಮೂರು ವರ್ಷಕ್ಕೆ ಕಂತು ಸುಮಾರು 25,600, ಒಟ್ಟು ಬಡ್ಡಿ 1.22 ಲಕ್ಷ. ಐದು ವರ್ಷಕ್ಕೆ 16,800, ಬಡ್ಡಿ 2.08 ಲಕ್ಷ. ಏಳು ವರ್ಷಕ್ಕೆ 13,100, ಬಡ್ಡಿ ಸುಮಾರು 3 ಲಕ್ಷ. ಏಳು ವರ್ಷದ ಕಂತು ಕೈಗೆ ಹಗುರ, ಆದರೆ ಮೊದಲ ಕೆಲವು ವರ್ಷ ಕಾರಿನ ಬೆಲೆ ಸಾಲಕ್ಕಿಂತ ಬೇಗ ಇಳಿಯುತ್ತದೆ. ನಡುವೆ ಮಾರಬೇಕಾಗಿ ಬಂದರೆ ಮಾರಿದ ದುಡ್ಡು ಸಾಲಕ್ಕೇ ಸಾಲದೆ ಹೋಗಬಹುದು.

ಅಕ್ಕನಿಗೆ ನಾನು ಹೇಳಿದ್ದು ಇದು: ಬಿಡುವಿನ ಐದು ಲಕ್ಷದಲ್ಲಿ ಮೂರನ್ನು ಮುಂಗಡವಾಗಿ ಕೊಡಿ, ಎರಡನ್ನು ಮುಟ್ಟಬೇಡಿ. 8 ಲಕ್ಷವನ್ನು ಐದು ವರ್ಷಕ್ಕೆ ತೆಗೆದುಕೊಂಡು ಕಂತನ್ನು ನಿನ್ನ ಸಂಬಳದ ಖಾತೆಗೆ ಕಟ್ಟಿಸು, ಮನೆಖರ್ಚು ತೋಟದ ಖಾತೆಯಿಂದ ನಡೆಯಲಿ. ಪ್ರತಿ ವರ್ಷ ಕಾಫಿ ಮಾರಿದಾಗ ಒಂದೂವರೆ ಲಕ್ಷವನ್ನು ಸಾಲದ ಅಸಲಿಗೆ ಹೆಚ್ಚುವರಿಯಾಗಿ ಕಟ್ಟಿ.

ಇದರ ಫಲ ನೋಡಿ. ಒಂದು ವರ್ಷ ಕಂತು ಕಟ್ಟಿದ ಮೇಲೆ ಉಳಿಯುವ ಅಸಲು ಸುಮಾರು 6.69 ಲಕ್ಷ, ಒಂದೂವರೆ ಲಕ್ಷ ಕಟ್ಟಿದರೆ 5.19. ಎರಡನೆಯ ವರ್ಷದ ಕೊನೆಗೆ 3.6 ಲಕ್ಷ, ಮತ್ತೊಂದು ಒಂದೂವರೆ ಕಟ್ಟಿದರೆ 2.1. ಅಲ್ಲಿಂದ ಹದಿನಾಲ್ಕನೆಯ ತಿಂಗಳಿನಲ್ಲಿ, ಅಂದರೆ ಮೂರು ವರ್ಷಕ್ಕೆ ಎರಡು ತಿಂಗಳು ಮೇಲಾಗುವಾಗ, ಸಾಲ ತೀರುತ್ತದೆ. ಒಟ್ಟು ಬಡ್ಡಿ ಸುಮಾರು 1.25 ಲಕ್ಷ. ಮೂರು ವರ್ಷದ ಸಾಲಕ್ಕೆ ತೆರುವ ಬಡ್ಡಿಯೂ ಹೆಚ್ಚುಕಡಿಮೆ ಇಷ್ಟೇ. ಆದರೆ ತಿಂಗಳಿಗೆ 25,600 ಕಟ್ಟಲೇಬೇಕೆಂಬ ಕಟ್ಟುಪಾಡು ಇಲ್ಲ. ಒಂದು ವರ್ಷ ಹೂಮಳೆ ಬರಲಿಲ್ಲ, ಆಗಸ್ಟ್ ಮಳೆಗೆ ಕಾಯಿ ಉದುರಿತು ಎಂದರೆ ಹೆಚ್ಚುವರಿ ಕಟ್ಟದೆ ಬಿಡಬಹುದು. ಬ್ಯಾಂಕು ಕೇಳುವುದು 16,800 ಮಾತ್ರ.

ಇದು ನಡೆಯಬೇಕಾದರೆ ಸಹಿ ಹಾಕುವ ಮೊದಲೇ ಎರಡು ವಿಷಯ ಕೇಳಿ ತಿಳಿದುಕೊಳ್ಳಬೇಕು. ನಡುವೆ ಭಾಗಶಃ ಕಟ್ಟಲು ಬಿಡುತ್ತಾರೆಯೇ, ಅದಕ್ಕೆ ಶುಲ್ಕ ಎಷ್ಟು? ಬದಲಾಗುವ ಬಡ್ಡಿದರದ ಸಾಲವನ್ನು ವ್ಯಕ್ತಿಯೊಬ್ಬರು ವ್ಯವಹಾರಕ್ಕಲ್ಲದೆ ಸ್ವಂತಕ್ಕೆ ತೆಗೆದುಕೊಂಡಿದ್ದರೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸ್ಥಿರ ದರದ ಸಾಲಕ್ಕೆ ಆ ರಕ್ಷಣೆ ಇರುವುದಿಲ್ಲ, ಕರಾರಿನಲ್ಲಿ ಬರೆದಿರುವುದೇ ಅಂತಿಮ. ಇನ್ನೊಂದು, ಹೆಚ್ಚುವರಿ ಕಟ್ಟುವಾಗ ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದು ಕೊಡಬೇಕು. ಹೇಳದಿದ್ದರೆ ಕೆಲವು ಕಡೆ ಅವಧಿಯನ್ನು ಹಾಗೆಯೇ ಬಿಟ್ಟು ಕಂತನ್ನು ಇಳಿಸುತ್ತಾರೆ, ಆಗ ಉಳಿತಾಯ ಕಡಿಮೆಯಾಗುತ್ತದೆ.

ದರದ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಫ್ಲಾಟ್ ದರ ಎಂಬಲ್ಲಿ. ಶೇ. 6 ಫ್ಲಾಟ್ ಎಂದರೆ ಕೇಳಲು ಅಗ್ಗ. 8 ಲಕ್ಷಕ್ಕೆ ವರ್ಷಕ್ಕೆ 48,000ದಂತೆ ಐದು ವರ್ಷಕ್ಕೆ 2.4 ಲಕ್ಷ ಬಡ್ಡಿ, ಕಂತು 17,333. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಹಾಕಿರುತ್ತಾರೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಶೇ. 10.8ಕ್ಕೂ ಸ್ವಲ್ಪ ಮೇಲೆ. ಕಂಡುಹಿಡಿಯುವುದು ಸುಲಭ: ದರದ ಮಾತು ಬಿಟ್ಟು, ಒಂದೇ ಮೊತ್ತಕ್ಕೆ, ಒಂದೇ ಅವಧಿಗೆ ಕಂತು ಎಷ್ಟು ಎಂದು ಎಲ್ಲರನ್ನೂ ಕೇಳಿ. ಕಡಿಮೆ ಕಂತಿನದೇ ಅಗ್ಗದ ಸಾಲ, ಸಂಸ್ಕರಣಾ ಶುಲ್ಕವನ್ನು ಮಾತ್ರ ಬೇರೆಯಾಗಿ ಸೇರಿಸಿ ನೋಡಬೇಕು.

ಮನೆಯಲ್ಲಿ ಸಂಬಳದವರೇ ಇಲ್ಲದಿದ್ದರೆ? ಆಗ ತಿಂಗಳ ಕಂತನ್ನು ತೋಟದ ಖಾತೆಯಿಂದ ಕಟ್ಟುವ ಸಾಹಸಕ್ಕೆ ಹೋಗಬೇಡಿ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಖಾತೆ ಬರಿದಾದಾಗಲೇ ಕಂತು ತಪ್ಪುವುದು. ಒಮ್ಮೆ ತಪ್ಪಿದರೆ ದಂಡದ ಜೊತೆಗೆ ಸಿಬಿಲ್ ಅಂಕಕ್ಕೂ ಪೆಟ್ಟು. ಕೃಷಿಕರಿಗೆ ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಂತು ಕಟ್ಟಲು ಅವಕಾಶ ಕೊಡುವ ಬ್ಯಾಂಕುಗಳು, ಸಹಕಾರ ಸಂಘಗಳು ಉಂಟು. ಎಲ್ಲ ಶಾಖೆಗಳೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಅದು ಸಿಗದಿದ್ದರೆ ಒಂದು ವರ್ಷದ ಕಂತಿನಷ್ಟು ಹಣವನ್ನು ಕಾಫಿ ಮಾರಿದ ದಿನವೇ ಬೇರೆ ಖಾತೆಗೆ ಹಾಕಿ, ಅಲ್ಲಿಂದಲೇ ಕಡಿತವಾಗುವಂತೆ ಮಾಡಿ. ಬೆಳೆಸಾಲದ ಹಣವನ್ನು ಕಾರಿನ ಮುಂಗಡಕ್ಕೆ ತಿರುಗಿಸುವುದನ್ನು ಮಾತ್ರ ಯಾರೂ ಮಾಡಬೇಡಿ. ಅದು ಒಂದು ವರ್ಷದಲ್ಲಿ ಹಿಂತಿರುಗಿಸಬೇಕಾದ ಹಣ, ಕಾರು ಒಂದು ವರ್ಷದಲ್ಲಿ ಅದನ್ನು ದುಡಿದು ಕೊಡುವುದಿಲ್ಲ.

ದಾಖಲೆಯ ತೊಡಕೂ ನಮ್ಮಲ್ಲಿ ಬೇರೆಯೇ. ಮನೆತನಕ್ಕೆ ಒಟ್ಟಾಗಿ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ಒಕ್ಕದ, ಅಂದರೆ ಆ ಮನೆತನದ, ಹಲವರ ಹೆಸರು ಇರುತ್ತದೆ, ನಿಮ್ಮ ಪಾಲು ಎಷ್ಟು ಎಂದು ಬ್ಯಾಂಕಿನವರು ಕೇಳುತ್ತಾರೆ. ಭಾವನ ಹೆಸರಿನಲ್ಲಿ ಮಾತ್ರ ಅರ್ಜಿ ಹಾಕಿದ್ದರೆ ಅಲ್ಲೇ ನಿಂತುಬಿಡುತ್ತಿತ್ತು. ಅಕ್ಕನ ಸಂಬಳದ ಚೀಟಿ ಇಟ್ಟು ಅವಳನ್ನು ಮುಖ್ಯ ಅರ್ಜಿದಾರಳನ್ನಾಗಿ, ಭಾವನನ್ನು ಸಹ ಅರ್ಜಿದಾರರನ್ನಾಗಿ ಮಾಡಿದೆವು. ಕಾಫಿ ಮಾರಿದ ಬಿಲ್ಲುಗಳು, ಹಣ ಖಾತೆಗೇ ಬಂದಿರುವ ಪಾಸ್‌ಬುಕ್ ಪುಟಗಳು ಜೊತೆಗಿದ್ದವು. ಮುಂದೆ ಸಾಲ ಬೇಕಾದೀತು ಎನ್ನುವವರು ಈಗಿನಿಂದಲೇ ಕಾಫಿಯ ಹಣವನ್ನು ಖಾತೆಗೇ ಪಡೆಯಿರಿ.

ಲೀಸ್

ಲೀಸ್ ಎಂದರೆ ಕಾರು ಕಂಪನಿಯ ಹೆಸರಿನಲ್ಲೇ ಇರುತ್ತದೆ, ನೀವು ಎರಡರಿಂದ ನಾಲ್ಕು ವರ್ಷ ತಿಂಗಳ ಬಾಡಿಗೆ ಕಟ್ಟಿ ಓಡಿಸಿ ವಾಪಸ್ ಕೊಡುತ್ತೀರಿ. ವಿಮೆ, ಸರ್ವಿಸ್, ರಸ್ತೆ ತೆರಿಗೆ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ದೊಡ್ಡ ಮುಂಗಡ ಬೇಕಿಲ್ಲ. ಭಾವನ ತಮ್ಮ ತಂದ ಕೊಟೇಶನ್‌ನಲ್ಲಿ ಅದೇ ಕಾರಿಗೆ ನಾಲ್ಕು ವರ್ಷ, ತಿಂಗಳಿಗೆ 24,500, ವರ್ಷಕ್ಕೆ 15,000 ಕಿಲೋಮೀಟರ್ ಮಿತಿ, ಮೀರಿದರೆ ಕಿಲೋಮೀಟರಿಗೆ 10 ರೂಪಾಯಿ ಎಂದಿತ್ತು. ನಾಲ್ಕು ವರ್ಷಕ್ಕೆ ಒಟ್ಟು 11.76 ಲಕ್ಷ.

ಸಾಲದ ಲೆಕ್ಕವನ್ನು ಪಕ್ಕದಲ್ಲಿಟ್ಟೆವು. ಕಾರು 11 ಲಕ್ಷ, ಬಡ್ಡಿ 1.25, ಮುಂದಿನ ಮೂರು ವರ್ಷದ ವಿಮೆ ಮತ್ತು ನಾಲ್ಕು ವರ್ಷದ ಸರ್ವಿಸ್‌ಗೆ ಸುಮಾರು 1.1 ಎಂದರೂ 13.35 ಲಕ್ಷ. ನಾಲ್ಕು ವರ್ಷದ ನಂತರ ಕಾರಿಗೆ 5 ಲಕ್ಷ ಬಂದರೆ ನಿವ್ವಳ ಖರ್ಚು 8.35. ಲೀಸ್ ಮೂರು ಲಕ್ಷಕ್ಕೂ ಹೆಚ್ಚು ದುಬಾರಿ. ನಮ್ಮಲ್ಲಿ ಕಾರನ್ನು ನಾಲ್ಕೇ ವರ್ಷಕ್ಕೆ ಬಿಡುವವರು ಕಡಿಮೆ. ಹತ್ತು ವರ್ಷ ಇಟ್ಟುಕೊಳ್ಳುವ ಮನೆಗೆ ಸಾಲ ತೀರಿದ ಮೇಲಿನ ಏಳು ವರ್ಷ ಕಂತಿಲ್ಲದ ವರ್ಷಗಳು. ಲೀಸ್‌ನಲ್ಲಿ ಅಂಥ ವರ್ಷ ಬರುವುದೇ ಇಲ್ಲ.

ಕಿಲೋಮೀಟರ್ ಲೆಕ್ಕವನ್ನು ಅಕ್ಕನೇ ಮಾಡಿದಳು. ಶಾಲೆಗೆ ಹೋಗಿ ಬರಲು ದಿನಕ್ಕೆ 24, ವರ್ಷಕ್ಕೆ 220 ದಿನ. ಅತ್ತೆಯ ತಪಾಸಣೆಗೆ ತಿಂಗಳಿಗೆ ಎರಡು ಸಲ ಮೈಸೂರು, ಹೋಗಿ ಬರಲು 260. ಸಂತೆ, ಮದುವೆ, ಮಡಿಕೇರಿಯ ಕೆಲಸ ಎಂದು ವಾರಕ್ಕೆ ನೂರು. ಕೂಡಿದರೆ 16,700. ಮಿತಿ ಮೀರಿದ್ದಕ್ಕೇ ವರ್ಷಕ್ಕೆ 17,000 ರೂಪಾಯಿ.

ಅದಕ್ಕಿಂತ ಹೆಚ್ಚಾಗಿ ನನಗೆ ಚಿಂತೆಯಾದದ್ದು ಕಾರು ವಾಪಸ್ ಕೊಡುವ ದಿನದ ಪರಿಶೀಲನೆ. ಹಳೆಯ ಕಾರಿನ ಎಡಬದಿಯನ್ನು ಒಮ್ಮೆ ನೋಡಿದರೆ ಸಾಕಿತ್ತು. ಗೇಟಿನಿಂದ ಮನೆಯವರೆಗಿನ ತೋಟದ ದಾರಿಯಲ್ಲಿ ಕಾಫಿ ಗಿಡದ ರೆಂಬೆಗಳು ಎರಡೂ ಬಾಗಿಲುಗಳ ಮೇಲೆ ಉದ್ದಕ್ಕೂ ಗೆರೆ ಎಳೆದಿದ್ದವು. ಚಕ್ರದ ಮೇಲಿನ ಕಮಾನಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಜುಲೈ ಮಳೆಗೆ ಹಿಂದಿನ ಸೀಟಿಗೆ ಬೂಷ್ಟು ಹಿಡಿದು ಬಿಳಿ ಕಲೆ ಉಳಿದಿತ್ತು. ಮನೆಯವರ ಕಣ್ಣಿಗೆ ಇದೆಲ್ಲ ಮಾಮೂಲು, ಲೀಸ್ ಕಂಪನಿಯ ಪರಿಶೀಲಕರಿಗೆ ಸಹಜ ಸವಕಳಿಯನ್ನು ಮೀರಿದ ಹಾನಿ. ಅದರ ಹಣ ಬೇರೆ. ನಡುವೆ ಬಿಡಬೇಕಾಗಿ ಬಂದರೆ ಉಳಿದ ಬಾಡಿಗೆಯ ಒಂದು ಭಾಗವನ್ನೂ ಕೇಳುತ್ತಾರೆ.

ಹಾಗೆಂದು ಲೀಸ್ ಯಾರಿಗೂ ಬೇಡ ಎಂದಲ್ಲ. ಭಾವನ ತಮ್ಮನಿಗೆ ಅದು ಸರಿಯಾಗಿಯೇ ಹೊಂದುತ್ತದೆ. ಅವನ ಕಂಪನಿ ಸಂಬಳದ ಭಾಗವಾಗಿ ಲೀಸ್ ಕೊಡುತ್ತದೆ, ಬಾಡಿಗೆ ತೆರಿಗೆಗೆ ಮುಂಚೆ ಕಡಿತವಾಗುತ್ತದೆ, ಶೇ. 30ರ ಹಂತದಲ್ಲಿರುವವರಿಗೆ ಆ ಉಳಿತಾಯ ಸಣ್ಣದಲ್ಲ. ಕೆಲಸ ಬಿಟ್ಟರೆ ಕಾರಿನ ಲೆಕ್ಕ ಏನಾಗುತ್ತದೆ ಎಂಬುದನ್ನು ಮಾತ್ರ ಅವನು ಮೊದಲೇ ಓದಿಕೊಳ್ಳಬೇಕು. ಎರಡು ಮೂರು ವರ್ಷಕ್ಕೆಂದು ಜಿಲ್ಲೆಗೆ ವರ್ಗವಾಗಿ ಬಂದವರೂ ಯೋಚಿಸಬಹುದು, ಆದರೆ ಈ ಸೇವೆ ಹೆಚ್ಚಾಗಿ ದೊಡ್ಡ ನಗರಗಳದ್ದು. ಕಾರು ಕೆಟ್ಟರೆ ಬದಲಿ ಕಾರು ವಿರಾಜಪೇಟೆಗೆ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಹೋಂಸ್ಟೇ ನಡೆಸುವವರು ಬಾಡಿಗೆಯನ್ನು ವ್ಯವಹಾರದ ಖರ್ಚಾಗಿ ತೋರಿಸಬಹುದು. ಅವರಿಗೆ ಒಂದು ಮಾತು: ಬಿಳಿ ಫಲಕದ ಕಾರಿನಲ್ಲಿ ಅತಿಥಿಗಳನ್ನು ಬಾಡಿಗೆಗೆ ಕರೆದೊಯ್ಯುವಂತಿಲ್ಲ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಸಾಲವಾಗಲಿ, ಲೀಸ್ ಆಗಲಿ, ನಗದಾಗಲಿ ಇದು ಒಂದೇ.

ಅಕ್ಕನ ಮನೆಯಲ್ಲಿ ಕೊನೆಗೆ ಆದದ್ದು

ಭಾವ ಒಪ್ಪಿದ್ದು ಬಡ್ಡಿಯ ಲೆಕ್ಕ ನೋಡಿ ಅಲ್ಲ. ಅರವತ್ತು ಚೀಲ ಗೋದಾಮಿನಲ್ಲೇ ಉಳಿಯುತ್ತದೆ ಎಂಬ ಮಾತಿಗೆ. ಮೂರು ಲಕ್ಷ ಮುಂಗಡ, ಐದು ವರ್ಷದ ಸಾಲ, ಭಾಗಶಃ ಪಾವತಿಗೆ ಶುಲ್ಕವಿಲ್ಲ ಎಂದು ಬರೆದುಕೊಟ್ಟ ಬ್ಯಾಂಕು. ಶೋರೂಮಿನವರು ಹೇಳಿದ ವಿಮೆಯನ್ನು ಹಾಗೆಯೇ ತೆಗೆದುಕೊಳ್ಳದೆ ಹೊರಗೆ ವಿಚಾರಿಸಿ, ಇಂಜಿನ್ ರಕ್ಷಣೆಯ ಹೆಚ್ಚುವರಿಯನ್ನು ಸೇರಿಸಿಕೊಂಡರು. ರಸ್ತೆಯ ಮೇಲೆ ಹರಿಯುವ ನೀರಿನಲ್ಲಿ ಇಂಜಿನ್ ನೀರು ಎಳೆದುಕೊಂಡರೆ ಸಾಮಾನ್ಯ ವಿಮೆ ಅದರ ಖರ್ಚು ಕೊಡುವುದಿಲ್ಲ. ನಾಪೋಕ್ಲು ಕಡೆ ಕಾವೇರಿ ತುಂಬಿ ರಸ್ತೆ ಮುಳುಗುವುದು ಹೊಸ ಸಂಗತಿಯಲ್ಲ.

ಸಾಲ ತೀರಿದ ದಿನಕ್ಕೆಂದು ಒಂದು ಚೀಟಿಯನ್ನು ಕಾರಿನ ಕಡತದಲ್ಲೇ ಇಡಿಸಿದ್ದೇನೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಅಡಮಾನವಾಗಿ ನಮೂದಾಗಿರುತ್ತದೆ, ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ ನಮೂನೆ 35 ಪಡೆದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಕೊಡಬೇಕು, ನಂತರ ವಿಮೆಯ ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಬೇಕು. ಆ ಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಬರೆದಿರುತ್ತದೆ, ಆದ್ದರಿಂದ ಮಳೆ ಬಿಡಲಿ ಎಂದು ಕಾಯುವಂತಿಲ್ಲ.